22 ಕಿಲೋಡಾಲ್ಟನ್‌ ಹತ್ರ ಬರೋ ಬ್ಯಾಂಡ್ ಪ್ರೋಟಿಯೇಸ್ ಕೆಲಸಾನಾ, ಕೋಡಾನ್ ಕೆಲಸಾನಾ?

ಮಸುಕುಬ್ಯಾಂಡ್

ಎಲ್ರಿಗೂ ನಮಸ್ಕಾರ. ಎರಡು ತಿಂಗಳಿಂದ ಒಂದೇ ಕಡೆ ಸಿಕ್ಕಾಕೊಂಡಿದೀನಿ, ಅದಕ್ಕೆ ಇಲ್ಲಿ ಕೇಳ್ತಿದೀನಿ. ಮನುಷ್ಯರ ಒಂದು ಪ್ರೋಟೀನ್, 310 ಅಮೈನೋ ಆಸಿಡ್, ಸಿಡಿಎನ್‌ಎಯಿಂದ ನೇರ ಪಿಸಿಆರ್ ಮಾಡಿ ಪೆಟ್-28ಎ ವೆಕ್ಟರ್‌ಗೆ ಎನ್‌ಡಿಇ-1, ಎಕ್ಸ್‌ಹೆಚ್‌ಓ-1 ಮಧ್ಯ ಹಾಕಿದೀನಿ. ಹಿಸ್ ಟ್ಯಾಗ್ ಮುಂದುಗಡೆ ಮಾತ್ರ ಇದೆ, ಕೊನೇಲಿ ಜೀನ್‌ದೇ ಸ್ಟಾಪ್ ಕೋಡಾನ್. ಬಿಎಲ್21(ಡಿಇ3)ಯಲ್ಲಿ 37 ಡಿಗ್ರಿ, 1 ಮಿಲಿಮೋಲಾರ್ ಐಪಿಟಿಜಿ, ನಾಲ್ಕು ಗಂಟೆ. ಟ್ಯಾಗ್ ಸೇರಿ 36 ಕಿಲೋಡಾಲ್ಟನ್ ಹತ್ರ ಬರ್ಬೇಕು. ಅಲ್ಲಿ ಒಂದು ಮಸುಕು ಬ್ಯಾಂಡ್ ಬರತ್ತೆ, ಅದಕ್ಕಿಂತ ಮೂರು ಪಟ್ಟು ದಪ್ಪಕ್ಕೆ 22ರ ಹತ್ರ ಇನ್ನೊಂದು ಬರತ್ತೆ. ಎರಡೂ ನಿಕಲ್ ಕಾಲಮ್‌ಗೆ ಅಂಟ್ಕೊಳತ್ತೆ, ಎರಡೂ ಆಂಟಿ-ಹಿಸ್ ಬ್ಲಾಟ್‌ನಲ್ಲಿ ಕಾಣತ್ತೆ.

ಪ್ರೋಟಿಯೇಸ್ ಕತ್ತರಿಸ್ತಿದೆ ಅಂತ ನಮ್ಮ ಲ್ಯಾಬಲ್ಲಿ ಎಲ್ರೂ ಹೇಳಿದ್ರು. ಇನ್ಹಿಬಿಟರ್ ಹಾಕ್ದೆ, ಪ್ರಮಾಣ ಡಬಲ್ ಮಾಡ್ದೆ, ಎಲ್ಲಾ ಐಸ್ ಮೇಲೇ ಮಾಡ್ದೆ, ಕೊನೆಗೆ ಸೆಲ್ಸ್‌ನ ಲೈಸಿಸ್ ಬಫರ್ ಮುಟ್ಟಿಸ್ದೇನೆ ನೇರ ಎಸ್‌ಡಿಎಸ್ ಸ್ಯಾಂಪಲ್ ಬಫರ್‌ನಲ್ಲಿ ಕುದಿಸಿ ಓಡಿಸ್ದೆ. ಒಂದಿಷ್ಟೂ ಬದಲಾಗ್ಲಿಲ್ಲ. ಈಗ ಒಬ್ರು "ಕೋಡಾನ್ ಬಯಾಸ್ ಇರ್ಬೋದು ನೋಡು" ಅಂದ್ರು. ಆನ್‌ಲೈನ್ ಟೂಲ್‌ಗೆ ಹಾಕಿದ್ರೆ ಸಿಎಐ 0.67 ಅಂತ ಬಂತು, ಅದು ಅಷ್ಟೇನೂ ಕೆಟ್ಟದಲ್ವಲ್ಲ? ಹಾಗಿದ್ಮೇಲೆ ಕೋಡಾನ್ ಕಾರಣ ಹೆಂಗಾಗತ್ತೆ?

ಕೋಡಾನ್‌ಕಿಟ್ಟಿ

0.67 ಅಂದ್ರೆ ಕಮ್ಮಿನೇ ಮಾರಾಯ್ರೆ. ಜೀನ್ ಪೂರ್ತಿ ಸಿಂಥೆಸಿಸ್ ಮಾಡ್ಸಿ. ಪ್ರತಿ ಅಮೈನೋ ಆಸಿಡ್‌ಗೂ ಇ. ಕೋಲಿ ಅತಿ ಹೆಚ್ಚು ಬಳಸೋ ಕೋಡಾನ್ ಯಾವುದೋ ಅದನ್ನೇ ಹಾಕ್ಸಿ, ಸಿಎಐ 0.95 ದಾಟತ್ತೆ, ಪ್ರೋಟೀನ್ ತಾನೇ ಬರತ್ತೆ. ನಾನು ಆರು ಜೀನ್ ಹಂಗೇ ಮಾಡ್ಸಿದೀನಿ, ನಾಲ್ಕು ಚೆನ್ನಾಗಿ ಬಂತು.

ಹಳೇಪಿಪೆಟ್

ಕಿಟ್ಟಿ, ಸ್ವಲ್ಪ ತಡೀರಿ, ಉಳಿದ ಎರಡು ಯಾಕೆ ಬರ್ಲಿಲ್ಲ ಅನ್ನೋದೇ ಇಲ್ಲಿ ಮುಖ್ಯ, ಆಮೇಲೆ ಅಲ್ಲಿಗೆ ಬರ್ತೀನಿ.

ಮಸುಕುಬ್ಯಾಂಡ್ ಅವ್ರೆ, ನೀವು ಸೆಲ್ಸ್‌ನ ನೇರ ಕುದಿಸಿ ನೋಡಿದ್ದು ತುಂಬಾ ಒಳ್ಳೇದಾಯ್ತು. ಲೈಸಿಸ್ ಆದ್ಮೇಲೆ ಕತ್ತರಿಸೋ ಪ್ರೋಟಿಯೇಸ್ ಕಥೆ ಅಲ್ಲಿಗೆ ಮುಗೀತು. ಸೆಲ್ ಒಳಗೇ ಕತ್ತರಿಸ್ತಿದೆಯಾ ಅನ್ನೋದು ಇನ್ನೂ ಉಳ್ಕೊಂಡಿದೆ. ಆದ್ರೆ ನೀವು ಬರ್ದಿರೋದ್ರಲ್ಲೇ ಒಂದು ಸುಳಿವಿದೆ, ಲೆಕ್ಕ ಹಾಕಿ ನೋಡಿ. ಒಂದು ಅಮೈನೋ ಆಸಿಡ್‌ಗೆ ಸರಾಸರಿ 110 ಡಾಲ್ಟನ್ ಹಿಡಿದ್ರೆ 22,000 ಅಂದ್ರೆ ಸುಮಾರು 200. ಪೆಟ್-28ಎದಲ್ಲಿ ಎನ್‌ಡಿಇ-1 ಬಳಸಿದ್ರೆ ಮುಂದಿನ ಟ್ಯಾಗ್ 20 ಅಮೈನೋ ಆಸಿಡ್ ಬರತ್ತೆ. ಅದನ್ನ ಕಳೆದ್ರೆ ನಿಮ್ಮ ಜೀನ್‌ನಲ್ಲಿ 180ರ ಆಸುಪಾಸು. ಹಿಸ್ ಟ್ಯಾಗ್ ಮುಂದುಗಡೆ ಇರೋದ್ರಿಂದ, ಚಿಕ್ಕ ಬ್ಯಾಂಡ್‌ಗೂ ಟ್ಯಾಗ್ ಇರೋದ್ರಿಂದ, ಅದು ಶುರುವಿಂದ ಹೊರಟು 180ರ ಹತ್ರ ನಿಂತಿರೋ ತುಂಡು. ಆ ಜಾಗದ ಸೀಕ್ವೆನ್ಸ್, 170ರಿಂದ 190ರವರೆಗೆ, ಇಲ್ಲಿ ಹಾಕ್ತೀರಾ? ಅಮೈನೋ ಆಸಿಡ್ ಬೇಡ, ಡಿಎನ್‌ಎ ಅಕ್ಷರಗಳು ಬೇಕು.

ಸಿಎಐ ವಿಷ್ಯ ಸೀಕ್ವೆನ್ಸ್ ನೋಡಿದ್ಮೇಲೆ ಹೇಳ್ತೀನಿ.

ಮೈಕೋಮಂಜ

ನಂಗೂ ಇದೇ ತೊಂದ್ರೆ ಆಗಿತ್ತು!! ಮೈಕೋಪ್ಲಾಸ್ಮಾ ಜೀನ್ ಇ. ಕೋಲಿಲಿ ಹಾಕಿದ್ದೆ, ಬರೀ ತುಂಡು ತುಂಡೇ ಬರ್ತಿತ್ತು. ರೊಸೆಟ್ಟಾ ಸ್ಟ್ರೇನ್ ತಗೊಂಡ್ರೆ ಸರಿಹೋಗತ್ತೆ ಅಂದ್ರು, ತಗೊಂಡೆ, ಏನೂ ಆಗ್ಲಿಲ್ಲ. ಅದಕ್ಕೇ ಹೇಳ್ತಿದೀನಿ, ಈ ರೊಸೆಟ್ಟಾ ಎಲ್ಲಾ ಸುಮ್ನೆ ದುಡ್ಡು ದಂಡ.

ಹಳೇಪಿಪೆಟ್

ಮಂಜ ಅವ್ರೆ, ನಿಮ್ದು ಬೇರೆ ರೋಗ. ಮೈಕೋಪ್ಲಾಸ್ಮಾದಲ್ಲಿ TGA ಅಂದ್ರೆ ಟ್ರಿಪ್ಟೊಫಾನ್, ಇ. ಕೋಲಿಗೆ ಅದು ಸ್ಟಾಪ್. ಅಲ್ಲಿ ಬಯಾಸ್ ಪ್ರಶ್ನೆನೇ ಇಲ್ಲ, ಕೋಡಾನ್‌ನ ಅರ್ಥಾನೇ ಬೇರೆ. ಬಯಾಸ್ ಅಂದ್ರೆ ಎರಡೂ ಜೀವಿಗಳಲ್ಲಿ ಅರ್ಥ ಒಂದೇ, AGG ಅಂದ್ರೆ ಎರಡೂ ಕಡೆ ಆರ್ಜಿನೀನೇ, ಆದ್ರೆ ಒಂದ್ಕಡೆ ಅದನ್ನ ದಿನಾ ಬಳಸ್ತಾರೆ, ಇನ್ನೊಂದ್ಕಡೆ ಅಪರೂಪಕ್ಕೆ ಬಳಸ್ತಾರೆ. ರೊಸೆಟ್ಟಾದಲ್ಲಿ ಇರೋದು ಅಪರೂಪದ ಕೋಡಾನ್ ಓದೋ ಟಿಆರ್‌ಎನ್‌ಎಗಳು. ನಿಮ್ಮ TGAಗೆ ಅದು ಏನೂ ಮಾಡಲ್ಲ, ನಿಮ್ಮ ಜೀನ್‌ನಲ್ಲಿ ಒಂದೊಂದು TGAನೂ TGG ಮಾಡ್ಬೇಕು. ಎಷ್ಟಿದೆ ಅಂತ ಎಣಿಸಿದೀರಾ?

ಮೈಕೋಮಂಜ

ಹನ್ನೊಂದು ಇದೆ. ಅಯ್ಯೋ ಹಂಗಾದ್ರೆ ಒಂದೂವರೆ ತಿಂಗಳು ಸುಮ್ನೆ ಹೋಯ್ತು. ಇದನ್ನ ನಂಗೆ ಯಾರೂ ಹೇಳ್ಲೇ ಇಲ್ಲ. ಹನ್ನೊಂದಕ್ಕೆ ಒಂದೊಂದೇ ಮ್ಯುಟೇಶನ್ ಮಾಡೋದಕ್ಕಿಂತ ಜೀನ್ ಹೊಸದಾಗಿ ಮಾಡ್ಸೋದೇ ಮೇಲು ಅನ್ಸತ್ತೆ ಅಲ್ವಾ ಮೇಡಂ?

ಹಳೇಪಿಪೆಟ್

ಹೌದು, ಹನ್ನೊಂದಕ್ಕೆ ಸಿಂಥೆಸಿಸ್ಸೇ ಸರಿ.

ಮಸುಕುಬ್ಯಾಂಡ್

ಮೇಡಂ, 179ರಿಂದ ಹಿಂಗಿದೆ, ಇದ್ರಲ್ಲಿ ಮೊದಲ್ನೇ GAA 179ನೇದು:

```
GAA AAG AGG AGG CAC CTG ACC CTG GAA
 E   K   R   R   H   L   T   L   E
```

ಸಿಕ್ತಲ್ಲ ಅನ್ಸಿ ಎದೆ ಢವಢವ ಅಂತಿದೆ. AGG AGG ಅಕ್ಕಪಕ್ಕ ಇದೆ, 181 ಮತ್ತೆ 182.

ಹಳೇಪಿಪೆಟ್

ಹಾಂ, ಅದೇ. ಇದನ್ನ ನಿಧಾನಕ್ಕೆ ಬಿಡಿಸಿ ನೋಡೋಣ, ಯಾಕಂದ್ರೆ "ಅಪರೂಪದ ಕೋಡಾನ್ ಬಂತು, ರೈಬೋಸೋಮ್ ನಿಂತ್ಹೋಯ್ತು" ಅಂತ ಹೇಳಿ ಬಿಟ್ರೆ ನಿಮ್ಮ 22ರ ಬ್ಯಾಂಡ್‌ಗೆ ಉತ್ತರ ಸಿಗಲ್ಲ.

ಇ. ಕೋಲಿ ತನ್ನ ಜೀನ್‌ಗಳಲ್ಲಿ AGGನ ಸಾವಿರ ಕೋಡಾನ್‌ಗೆ ಒಂದೆರಡು ಸಲ ಬಳಸತ್ತೆ ಅಷ್ಟೇ. CGT, CGC ಆದ್ರೆ ಒಂದೊಂದೂ ಇಪ್ಪತ್ತರ ಆಸುಪಾಸು. ಬಳಕೆ ಕಮ್ಮಿ ಇದ್ದಲ್ಲಿ ಅದನ್ನ ಓದೋ ಟಿಆರ್‌ಎನ್‌ಎನೂ ಕಮ್ಮಿ ಇಟ್ಕೊಂಡಿರತ್ತೆ, ಇಕೆಮುರಾ 1981ರಲ್ಲೇ ಇದನ್ನ ತೋರ್ಸಿದ್ರು, ಟಿಆರ್‌ಎನ್‌ಎ ಎಷ್ಟಿದೆ ಅನ್ನೋದೂ ಕೋಡಾನ್ ಬಳಕೆನೂ ಜೊತೆಜೊತೆಗೆ ಹೋಗತ್ತೆ ಅಂತ. ಸೆಲ್‌ನ ಮಾಮೂಲಿ ಬದುಕಿಗೆ ಅಷ್ಟು ಸಾಕು. ನೀವು ಮಾಡಿದ್ದೇನು, ಟಿ7 ಪ್ರೊಮೋಟರ್ ಹಾಕಿ ಐಪಿಟಿಜಿ ಸುರಿದು ಒಂದೇ ಎಂಆರ್‌ಎನ್‌ಎಯಿಂದ ಸೆಲ್ ತುಂಬಿಸಿದ್ರಿ. ಆ ಎಂಆರ್‌ಎನ್‌ಎ ಒಂದೊಂದ್ರಲ್ಲೂ AGG AGG ಇದೆ. ಇರೋ ನಾಲ್ಕು ಟಿಆರ್‌ಎನ್‌ಎಗೆ ಎಲ್ಲಾ ರೈಬೋಸೋಮ್‌ಗಳೂ ಕೈ ಚಾಚ್ಕೊಂಡು ಕಾಯ್ತಿರ್ತವೆ.

ಈಗ ಮೊದಲ್ನೇ AGGಗೆ ಹೆಂಗೋ ಒಂದು ಟಿಆರ್‌ಎನ್‌ಎ ಸಿಕ್ತು ಅಂದ್ಕೊಳಿ. ಎರಡನೇ AGG ಖಾಲಿ ಕೂತಿದೆ. ಮೊದಲ್ನೇ ಟಿಆರ್‌ಎನ್‌ಎ ಎಂಆರ್‌ಎನ್‌ಎ ಮೇಲೆ ಒಂದು ಅಕ್ಷರ ಮುಂದಕ್ಕೆ ಜಾರತ್ತೆ. ಜಾರಿದ್ಮೇಲೆ ಓದು ಹೆಂಗಾಗತ್ತೆ ನೋಡಿ:

```
ಸರಿ ಓದು : AGG AGG CAC CTG ACC
ಜಾರಿದ್ರೆ : AGG (A) GGC ACC TGA
```

GGC ಅಂದ್ರೆ ಗ್ಲೈಸೀನ್, ACC ಅಂದ್ರೆ ಥ್ರಿಯೋನೀನ್, ಆಮೇಲೆ TGA, ಸ್ಟಾಪ್. ಅಂದ್ರೆ ನಿಮ್ಮ ಪ್ರೋಟೀನ್ 183ಕ್ಕೆ ಕ್ರಮಬದ್ಧವಾಗೇ ಮುಗಿದು ಹೊರಗೆ ಬರತ್ತೆ. 183ಕ್ಕೆ ಟ್ಯಾಗ್‌ನ 20 ಸೇರ್ಸಿ, 203, ಅಂದ್ರೆ 22.3 ಕಿಲೋಡಾಲ್ಟನ್. ನಿಮ್ಮ ಬ್ಯಾಂಡ್ ಅಲ್ಲೇ ಇದೆ.

ಇದು ನಾನು ಊಹೆ ಮಾಡಿ ಹೇಳ್ತಿರೋದಲ್ಲ. 1988ರಲ್ಲಿ ಸ್ಪಾನ್ಯಾರ್ಡ್ ಮತ್ತೆ ವಾನ್ ಡೌನ್ ಇ. ಕೋಲಿಲಿ AGG AGG ಜೋಡಿ ಇಟ್ಟು ಅಳೆದ್ರು, ಸುಮಾರು ಅರ್ಧದಷ್ಟು ರೈಬೋಸೋಮ್ ಫ್ರೇಮ್ ಬಿಟ್ಟು ಜಾರ್ತವೆ ಅಂತ ಬಂತು.

ಬರೀ ನಿಂತ್ಹೋಗಿದ್ರೆ ಬೇರೆ ಥರ ಆಗ್ತಿತ್ತು. ದಾರಿ ಮಧ್ಯ ಸಿಕ್ಕಿಬಿದ್ದ ರೈಬೋಸೋಮ್‌ನ ಬಿಡಿಸೋಕೆ ಇ. ಕೋಲಿಲಿ ಟಿಎಂಆರ್‌ಎನ್‌ಎ ಅಂತ ಒಂದಿದೆ, ಅದು ಅರೆಬರೆ ಪ್ರೋಟೀನ್‌ನ ಬಾಲಕ್ಕೆ ಒಂದು ಸಣ್ಣ ಗುರುತು ಅಂಟಿಸಿ ಕಳ್ಸತ್ತೆ, ಆ ಗುರುತು ನೋಡಿ ಸೆಲ್‌ನ ಪ್ರೋಟಿಯೇಸ್‌ಗಳು ಅದನ್ನ ತಿಂದು ಹಾಕ್ತವೆ. ಆಗ ನಿಮಗೆ ಇಷ್ಟು ದಪ್ಪ ಚೊಕ್ಕ ಬ್ಯಾಂಡ್ ಸಾಮಾನ್ಯವಾಗಿ ಉಳಿಯಲ್ಲ. ಫ್ರೇಮ್ ಜಾರಿ ನಿಜವಾದ ಸ್ಟಾಪ್ ಸಿಕ್ಕಿದ್ರೆ ಗುರುತು ಅಂಟಲ್ಲ, ತುಂಡು ಉಳ್ಕೊಳತ್ತೆ. ಅದು ಪೆಲೆಟ್‌ನಲ್ಲಿ ಇದೆಯಾ, ಮೇಲಿನ ನೀರಲ್ಲಿ ಇದೆಯಾ?

ಮಸುಕುಬ್ಯಾಂಡ್

ಚಿಕ್ಕದು ಮುಕ್ಕಾಲು ಪಾಲು ಪೆಲೆಟ್‌ನಲ್ಲೇ ಮೇಡಂ. ಕಾಲಮ್‌ಗೆ ಹೋಗಿದ್ದು ಉಳಿದ ಸ್ವಲ್ಪ.

ಆದ್ರೆ ಸಿಎಐ? ಇಷ್ಟು ದೊಡ್ಡ ತಪ್ಪು ಅದ್ರಲ್ಲಿ ಯಾಕೆ ಕಾಣ್ಲಿಲ್ಲ?

ಹಳೇಪಿಪೆಟ್

ಪೆಲೆಟ್‌ನಲ್ಲಿ ಮುದ್ದೆಯಾಗಿ ಕೂತಿದ್ರೆ ಪ್ರೋಟಿಯೇಸ್ ಕೈಗೂ ಸಿಗಲ್ಲ, ಅದಕ್ಕೇ ಇನ್ನೂ ದಪ್ಪ ಕಾಣ್ತಿದೆ.

ಸಿಎಐ ಲೆಕ್ಕ ಶಾರ್ಪ್ ಮತ್ತೆ ಲೀ 1987ರಲ್ಲಿ ಕೊಟ್ಟಿದ್ದು. ಒಂದೊಂದು ಕೋಡಾನ್‌ಗೂ ಒಂದು ಅಂಕ, ಆ ಅಮೈನೋ ಆಸಿಡ್‌ಗೆ ಅತಿ ಹೆಚ್ಚು ಬಳಕೆ ಇರೋದಕ್ಕೆ 1, ಉಳಿದವಕ್ಕೆ ಅದ್ರ ಪ್ರಮಾಣದಲ್ಲಿ. ಅವರ ಇ. ಕೋಲಿ ಪಟ್ಟಿಲಿ CGTಗೆ 1, AGGಗೆ 0.002. ಆಮೇಲೆ ಎಲ್ಲಾ ಅಂಕಗಳ ಗುಣೋತ್ತರ ಸರಾಸರಿ. ಈಗ ನಿಮ್ಮ ಎರಡು AGG ಬದ್ಲು ಎರಡು CGT ಇದ್ದಿದ್ರೆ ಎಷ್ಟಾಗ್ತಿತ್ತು ಅಂತ ನೋಡಿ. 310 ಕೋಡಾನ್‌ನಲ್ಲಿ ಎರಡು:

```
0.002^(2/310) = 0.96
0.70 × 0.96 = 0.67
```

ಅಷ್ಟೇ, 0.70 ಇದ್ದಿದ್ದು 0.67 ಆಗಿದೆ. ಮುಕ್ಕಾಲು ಪಾಲು ಪ್ರೋಟೀನ್ ಹಾಳು ಮಾಡಿದ ಜಾಗ ಸಿಎಐಲಿ ನೂರಕ್ಕೆ ನಾಲ್ಕರಷ್ಟು ಇಳಿಕೆ. ಇನ್ನೂ ಒಂದು, ಆ ಎರಡು AGGನ ಒಂದನ್ನ 40ಕ್ಕೆ ಇನ್ನೊಂದನ್ನ 250ಕ್ಕೆ ಇಟ್ರೂ ಸಿಎಐ ಅದೇ 0.67. ಸರಾಸರಿಗೆ ಅಕ್ಕಪಕ್ಕ ಇರೋದು ಗೊತ್ತಾಗಲ್ಲ, ರೈಬೋಸೋಮ್‌ಗೆ ಗೊತ್ತಾಗತ್ತೆ. ಅದಕ್ಕೆ ನಾನು ನಮ್ಮ ಹುಡುಗ್ರಿಗೆ ಸಿಎಐ ನೋಡೋಕೆ ಮುಂಚೆ ಇದನ್ನ ಓಡಿಸಿ ಅಂತೀನಿ:

```python
rare = {"AGG","AGA","ATA","CTA","CCC","CGA","CGG","GGA"}
s = open("gene.txt").read().upper().replace("\n","")
for i in range(0, len(s)-5, 3):
    a, b = s[i:i+3], s[i+3:i+6]
    if a in rare and b in rare:
        print(i//3+1, a, b)
```

ಅಪರೂಪದವು ಜೋಡಿಯಾಗಿ ಎಲ್ಲಿವೆ ಅಂತ ಮಾತ್ರ ತೋರಿಸತ್ತೆ. ಇದ್ರಲ್ಲಿ ಎಲ್ಲಾ ಕೋಡಾನ್‌ಗಳೂ ಒಂದೇ ಸಮ ಕೆಟ್ಟವು ಅಂತಲ್ಲ, CCC GGA ಜೋಡಿ ಕಂಡ್ರೆ ನಾನು ಗಾಬರಿ ಆಗಲ್ಲ, AGG AGA ಕಂಡ್ರೆ ಅಲ್ಲೇ ನಿಲ್ಲಿಸ್ತೀನಿ.

ಕೋಡಾನ್‌ಕಿಟ್ಟಿ

ಒಪ್ದೆ, ಅಕ್ಕಪಕ್ಕದ ವಿಷ್ಯ ನಂಗೆ ಹೊಳ್ದಿರ್ಲಿಲ್ಲ. ಆದ್ರೂ ನಾನು ಹೇಳಿದ ದಾರಿಲಿ ಹೋದ್ರೆ ಈ ತೊಂದ್ರೆನೂ ಹೋಗ್ತಿತ್ತಲ್ಲ, ಎಲ್ಲಾ ಆರ್ಜಿನೀನ್‌ಗೂ CGT ಹಾಕ್ಬಿಟ್ರೆ AGG ಎಲ್ಲಿಂದ ಬರತ್ತೆ. ಜಾಸ್ತಿ ಸಿಎಐ ಇದ್ರೆ ಜಾಸ್ತಿ ಪ್ರೋಟೀನ್ ಅನ್ನೋದು ತಪ್ಪಾ ಹಂಗಾದ್ರೆ?

ಹಳೇಪಿಪೆಟ್

ಈ ತೊಂದ್ರೆ ಹೋಗ್ತಿತ್ತು, ನಿಜ. ಆದ್ರೆ ಜಾಸ್ತಿ ಸಿಎಐಗೆ ಜಾಸ್ತಿ ಪ್ರೋಟೀನ್ ಅನ್ನೋದನ್ನ 2009ರಲ್ಲಿ ಕುಡ್ಲಾ ಮತ್ತೆ ಜೊತೆಗಾರರು ನೇರವಾಗೇ ಪರೀಕ್ಷೆ ಮಾಡಿದ್ರು. ಒಂದೇ ಜಿಎಫ್‌ಪಿ ಪ್ರೋಟೀನ್‌ಗೆ ಕೋಡಾನ್ ಮಾತ್ರ ಬೇರೆ ಬೇರೆ ಇಟ್ಟು 154 ಜೀನ್ ಮಾಡಿ ಇ. ಕೋಲಿಲಿ ಅಳೆದ್ರು. ಅತಿ ಕಮ್ಮಿ ಅತಿ ಹೆಚ್ಚಿನ ಮಧ್ಯ 250 ಪಟ್ಟು ವ್ಯತ್ಯಾಸ ಬಂತು, ಆದ್ರೆ ಸಿಎಐಗೂ ಅದಕ್ಕೂ ಸಂಬಂಧನೇ ಕಾಣ್ಲಿಲ್ಲ. ಅರ್ಧಕ್ಕಿಂತ ಹೆಚ್ಚು ವ್ಯತ್ಯಾಸಕ್ಕೆ ಕಾರಣ ಆಗಿದ್ದು ಎಂಆರ್‌ಎನ್‌ಎ ಶುರುವಿನ ತುದಿ ಎಷ್ಟು ಗಟ್ಟಿಯಾಗಿ ತನ್ನ ಮೇಲೆ ತಾನೇ ಮಡಚ್ಕೊಂಡಿದೆ ಅನ್ನೋದು, ಸ್ಟಾರ್ಟ್ ಕೋಡಾನ್ ಸುತ್ತ ನಲವತ್ತು ಅಕ್ಷರದಷ್ಟು ಜಾಗ. ಅಲ್ಲಿ ಗಂಟು ಬಿದ್ರೆ ರೈಬೋಸೋಮ್ ಹತ್ತೋಕೇ ಆಗಲ್ಲ, ಮುಂದೆ ಕೋಡಾನ್ ಎಷ್ಟು ಚೆನ್ನಾಗಿದ್ರೂ ಏನು ಉಪಯೋಗ.

ಕಿಟ್ಟಿ, ನಿಮ್ಮ ಬರದೇ ಇರೋ ಎರಡು ಜೀನ್‌ಗೆ ಟ್ಯಾಗ್ ಎಲ್ಲಿತ್ತು?

ಕೋಡಾನ್‌ಕಿಟ್ಟಿ

ಈಗ ಹಳೇ ಫೈಲ್ ತೆಗೆದು ನೋಡ್ದೆ. ಬಂದ ನಾಲ್ಕಕ್ಕೂ ಮುಂದುಗಡೆ ಟ್ಯಾಗ್. ಬರದೇ ಇರೋ ಎರಡಕ್ಕೂ ಹಿಂದುಗಡೆ, ಅಂದ್ರೆ ಜೀನ್ ನೇರ ATGಯಿಂದ ಶುರು. ಅಯ್ಯಪ್ಪಾ.

ಹಳೇಪಿಪೆಟ್

ಎರಡೇ ಜೀನ್ ನೋಡಿ ಅದೇ ಕಾರಣ ಅಂತ ಹೇಳೋಕಾಗಲ್ಲ, ಆದ್ರೆ ಮೊದಲು ಅಲ್ಲೇ ಹುಡುಕಿ. ಮುಂದುಗಡೆ ಟ್ಯಾಗ್ ಇದ್ರೆ ಮೊದಲ 20 ಕೋಡಾನ್ ವೆಕ್ಟರ್‌ದು, ನಿಮ್ಮ ಜೀನ್ ಯಾವುದೇ ಆಗಿರ್ಲಿ ಆ ತುದಿ ಅದೇ ಇರತ್ತೆ, ಕೆಲಸ ಮಾಡತ್ತೆ ಅಂತ ಗೊತ್ತಿರೋದು. ಹಿಂದುಗಡೆ ಟ್ಯಾಗ್ ಹಾಕಿದ್ರೆ ಆ ತುದಿ ನಿಮ್ಮ ಜೀನ್‌ದೇ, ಟೂಲ್ ಏನು ಕೋಡಾನ್ ಹಾಕ್ತೋ ಅದು. ಮೊದಲ ಹತ್ತು ಹನ್ನೆರಡು ಕೋಡಾನ್‌ನ ಸಿಎಐ ಮರೆತು A, T ಜಾಸ್ತಿ ಇರೋ ಹಂಗೆ ಬದಲಾಯಿಸಿ ನೋಡಿ. ಮಸುಕುಬ್ಯಾಂಡ್ ಅವ್ರ ಕೇಸ್‌ನಲ್ಲಿ ಟ್ಯಾಗ್ ಮುಂದಿದೆ, 22ರ ತುಂಡು ದಂಡಿಯಾಗಿ ಬರ್ತಿದೆ, ಹಾಗಾಗಿ ಶುರುವಿನ ತೊಂದ್ರೆ ಅಲ್ವೇ ಅಲ್ಲ.

ಎರಡುಪ್ಲಾಸ್ಮಿಡ್

ಇಷ್ಟು ಓದಿ ನಂದೂ ಹೇಳ್ಬೇಕು ಅನ್ಸ್ತು. ರೊಸೆಟ್ಟಾಗೆ ಹೋಗೋ ಮುಂಚೆ ನಿಮ್ಮ ಹತ್ರ ಎರಡನೇ ಪ್ಲಾಸ್ಮಿಡ್ ಏನಾದ್ರೂ ಇದೆಯಾ ನೋಡ್ಕೊಳಿ. ನಾನು ಎರಡು ಪ್ರೋಟೀನ್ ಒಟ್ಟಿಗೆ ಮಾಡ್ತಿದ್ದೆ, ಒಂದು ಪೆಟ್ ವೆಕ್ಟರ್, ಇನ್ನೊಂದು ಪಿ-ಎಸಿವೈಸಿ ಡ್ಯುಯೆಟ್. ರೊಸೆಟ್ಟಾಗೆ ಹಾಕಿದ್ಮೇಲೆ ಒಂದು ವಾರ ಚೆನ್ನಾಗಿ ಬಂತು, ಆಮೇಲೆ ಅಪರೂಪದ ಕೋಡಾನ್ ಇರೋ ಪ್ರೋಟೀನ್ ಮತ್ತೆ ಕಮ್ಮಿ ಆಗ್ತಾ ಹೋಯ್ತು. ಕಾರಣ ಏನಂದ್ರೆ ರೊಸೆಟ್ಟಾದ ಟಿಆರ್‌ಎನ್‌ಎ ಪ್ಲಾಸ್ಮಿಡ್‌ಗೂ ಆ ಡ್ಯುಯೆಟ್‌ಗೂ ಆರಿಜಿನ್ ಒಂದೇ, ಪಿ15ಎ, ರೆಸಿಸ್ಟೆನ್ಸೂ ಒಂದೇ, ಕ್ಲೋರಾಂಫೆನಿಕಾಲ್. ಎರಡ್ರಲ್ಲಿ ಯಾವುದೋ ಒಂದು ಇದ್ರೂ ಸೆಲ್ ಪ್ಲೇಟ್ ಮೇಲೆ ಬದುಕತ್ತೆ, ನಿಮಗೆ ಕಾಲೊನಿ ಕಾಣತ್ತೆ, ಟಿಆರ್‌ಎನ್‌ಎ ಪ್ಲಾಸ್ಮಿಡ್ ಹೊರಟ್ಹೋಗಿರತ್ತೆ. ಮಿನಿಪ್ರೆಪ್ ಮಾಡಿ ಜೆಲ್ ಓಡಿಸಿದ್ಮೇಲೆ ಗೊತ್ತಾಗಿದ್ದು.

ಮಸುಕುಬ್ಯಾಂಡ್

ಥ್ಯಾಂಕ್ಸ್ ಅಣ್ಣ, ನಂದು ಒಂದೇ ಪ್ಲಾಸ್ಮಿಡ್, ಕ್ಯಾನಾಮೈಸಿನ್. ಪಕ್ಕದ ಲ್ಯಾಬಲ್ಲಿ ರೊಸೆಟ್ಟಾ 2(ಡಿಇ3) ಇದೆಯಂತೆ, ಇವತ್ತೇ ಕೇಳ್ತೀನಿ. ಮೇಡಂ, ಅದು ಬರೋವರೆಗೆ ಪ್ರೋಟಿಯೇಸ್ ಅಲ್ಲ ಅಂತ ಪಕ್ಕಾ ಮಾಡ್ಕೊಳೋಕೆ ಏನಾದ್ರೂ ಇದೆಯಾ? ಗೈಡ್ ಇನ್ನೂ ನಂಬಿಲ್ಲ.

ಹಳೇಪಿಪೆಟ್

ಇದೆ, ಬಿಎಲ್21ಲೇ ಮಾಡಿ. ಐಪಿಟಿಜಿ ಹಾಕಿ 20 ನಿಮಿಷಕ್ಕೊಂದ್ಸಲ ಸ್ಯಾಂಪಲ್ ತೆಗೀರಿ. ಕತ್ತರಿಸ್ತಿದ್ರೆ ಮೊದಲು 36 ಕಾಣ್ಬೇಕು, ಹೊತ್ತು ಹೋದಂಗೆ 22 ಬೆಳೀಬೇಕು. ಜಾರ್ತಿದ್ರೆ ಮೊದಲ ಸ್ಯಾಂಪಲ್‌ನಿಂದ್ಲೇ ಎರಡೂ ಒಟ್ಟಿಗೆ ಇರತ್ತೆ. ಒಂದು ಗಂಟೆ ಆದ್ಮೇಲೆ ಒಂದು ಫ್ಲಾಸ್ಕ್‌ಗೆ ಕ್ಲೋರಾಂಫೆನಿಕಾಲ್ ಹಾಕಿ ಪ್ರೋಟೀನ್ ತಯಾರಿಕೆ ನಿಲ್ಲಿಸ್ಬಿಡಿ, ಇನ್ನೆರಡು ಗಂಟೆ ಬಿಡಿ. 36 ಕರಗಿ 22 ಆಗ್ತಿದೆಯಾ ನೋಡಿ. ಈ ಎರಡನೇದನ್ನ ರೊಸೆಟ್ಟಾದಲ್ಲಿ ಮಾಡೋಕೆ ಹೋಗ್ಬೇಡಿ, ಅದಕ್ಕೆ ಕ್ಲೋರಾಂಫೆನಿಕಾಲ್ ರೆಸಿಸ್ಟೆನ್ಸ್ ಇದೆ, ಏನೂ ನಿಲ್ಲಲ್ಲ, ತಪ್ಪು ಉತ್ತರ ಬರತ್ತೆ.

ರೊಸೆಟ್ಟಾ ಜೊತೆಗೇ ಇನ್ನೊಂದನ್ನ ಶುರು ಮಾಡಿ. ಸೈಟ್-ಡೈರೆಕ್ಟೆಡ್ ಮ್ಯುಟಾಜೆನೆಸಿಸ್‌ನಲ್ಲಿ ಆ ಎರಡು ಕೋಡಾನ್ ಮಾತ್ರ ಬದಲಾಯಿಸಿ, AGG AGG ಇರೋದನ್ನ CGT CGT. ನಾಲ್ಕು ಅಕ್ಷರ ಬದಲಾಗತ್ತೆ, ಒಂದು ಜೋಡಿ ಪ್ರೈಮರ್ ಸಾಕು, ಪ್ರೋಟೀನ್ ಅದೇ ಇರತ್ತೆ. ರೊಸೆಟ್ಟಾದಲ್ಲಿ ಸರಿಹೋದ್ರೆ "ಎಲ್ಲೋ ಅಪರೂಪದ ಕೋಡಾನ್ ಕಾರಣ" ಅಂತ ಗೊತ್ತಾಗತ್ತೆ, ಈ ಮ್ಯುಟೆಂಟ್ ಸರಿಹೋದ್ರೆ "ಈ ಎರಡೇ ಕಾರಣ" ಅಂತ ಗೊತ್ತಾಗತ್ತೆ. ಗೈಡ್‌ಗೆ ತೋರ್ಸೋಕೆ ಅದಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ. ಇಡೀ ಜೀನ್ ಸಿಂಥೆಸಿಸ್ ಮಾಡ್ಸಿದ್ರೆ ಮುನ್ನೂರು ಕಡೆ ಬದಲಾಯಿಸಿ ಯಾವುದ್ರಿಂದ ಏನಾಯ್ತು ಅಂತ ಯಾವತ್ತೂ ಗೊತ್ತಾಗಲ್ಲ.

ತೂಕದಯಂತ್ರ

ನಾನು ಮಾಸ್ ಸ್ಪೆಕ್ ಕಡೆಯವನು, ನಂದೊಂದು ಮಾತು. ಉದ್ದದ ಬ್ಯಾಂಡ್ ಬಂತು ಅಂತ ಖುಷಿ ಪಟ್ಟು ಬಿಡ್ಬೇಡಿ, ಅದ್ರ ತೂಕನೂ ಹಾಕ್ಸಿ. ಟಿಆರ್‌ಎನ್‌ಎ ಕಮ್ಮಿ ಬಿದ್ದಾಗ ಇ. ಕೋಲಿ ಆರ್ಜಿನೀನ್ ಜಾಗಕ್ಕೆ ಲೈಸೀನ್ ಹಾಕಿಬಿಡೋದು ಇದೆ, AGA ಕೋಡಾನ್‌ಗಳಲ್ಲಿ ಇದನ್ನ ನೋಡಿದಾರೆ. AGAಗೂ ಲೈಸೀನ್‌ನ AAAಗೂ ಮಧ್ಯದ ಒಂದೇ ಅಕ್ಷರ ವ್ಯತ್ಯಾಸ. ಆರ್ಜಿನೀನ್ 156, ಲೈಸೀನ್ 128, ಹಾಗಾಗಿ ಒಂದೊಂದು ಬದಲಾವಣೆಗೂ 28 ಡಾಲ್ಟನ್ ಕಮ್ಮಿ. ಪೂರ್ತಿ ಪ್ರೋಟೀನ್‌ನ ತೂಕ ತೆಗೆದ್ರೆ ಮುಖ್ಯ ಪೀಕ್ ಪಕ್ಕದಲ್ಲಿ ಎಡಕ್ಕೆ 28, 56 ಅಂತ ಮೆಟ್ಟಿಲು ಮೆಟ್ಟಿಲಾಗಿ ಕಾಣತ್ತೆ. ಜೆಲ್‌ನಲ್ಲಿ ಇದು ಜಪ್ಪಯ್ಯ ಅಂದ್ರೂ ಕಾಣಲ್ಲ. ಟ್ರಿಪ್ಸಿನ್ ಹಾಕಿ ಪೆಪ್ಟೈಡ್ ನೋಡೋರು ಇನ್ನೂ ಹುಷಾರಾಗಿರ್ಬೇಕು, ಟ್ರಿಪ್ಸಿನ್ ಆರ್ಜಿನೀನ್ ಲೈಸೀನ್ ಎರಡ್ರ ಹಿಂದೆನೂ ಕತ್ತರಿಸತ್ತೆ, ಹಾಗಾಗಿ ತುಂಡು ಅದೇ ಜಾಗಕ್ಕೆ ಬರತ್ತೆ, ಸಾಫ್ಟ್‌ವೇರ್‌ಗೆ ಈ ಬದಲಾವಣೆ ಹುಡುಕು ಅಂತ ಹೇಳ್ದೇ ಇದ್ರೆ ತೋರ್ಸಲ್ಲ.

ಮಸುಕುಬ್ಯಾಂಡ್

ಇದು ಗೊತ್ತೇ ಇರ್ಲಿಲ್ಲ. ನನ್ನ ಜೀನ್‌ನಲ್ಲಿ ಬಿಡಿ AGA ಐದಿದೆ. ನೋಡ್ತೀನಿ ಸಾರ್.

ಮಸುಕುಬ್ಯಾಂಡ್ (ಮೂರು ವಾರ ಆದ್ಮೇಲೆ)

ಎಲ್ಲಾ ಮಾಡಿ ಮುಗಿಸಿ ಬಂದಿದೀನಿ, ಒಂದೊಂದಾಗಿ ಹೇಳ್ತೀನಿ.

20 ನಿಮಿಷದ ಸ್ಯಾಂಪಲ್‌ನಲ್ಲೇ ಬ್ಲಾಟ್‌ನಲ್ಲಿ ಎರಡೂ ಬ್ಯಾಂಡ್ ಇತ್ತು. ನಾಲ್ಕು ಗಂಟೆವರೆಗೂ 22ರದ್ದೇ ದಪ್ಪ, ಆದ್ರೆ ಮೊದಮೊದಲು ಎರಡೂ ಹೆಚ್ಚುಕಮ್ಮಿ ಸಮ ಇತ್ತು, ಹೊತ್ತು ಹೋದಂಗೆ ಚಿಕ್ಕದು ಮುಂದೆ ಹೋಯ್ತು. ಇದನ್ನ ನೋಡಿ ಗೈಡ್ "ನೋಡು ಕತ್ತರಿಸ್ತಿದೆ" ಅಂದ್ರು. ಆದ್ರೆ ಕ್ಲೋರಾಂಫೆನಿಕಾಲ್ ಫ್ಲಾಸ್ಕ್‌ನಲ್ಲಿ ಎರಡು ಗಂಟೆ ಆದ್ರೂ 36 ಹಂಗೇ ಇತ್ತು, 22 ಒಂಚೂರೂ ಬೆಳೀಲಿಲ್ಲ.

ರೊಸೆಟ್ಟಾ 2, ಕ್ಲೋರಾಂಫೆನಿಕಾಲ್ ಪ್ರತಿ ಮಿಲಿಲೀಟರ್‌ಗೆ 34 ಮೈಕ್ರೋಗ್ರಾಂ, ಮರೀದೇ ಹಾಕ್ದೆ: 36 ದಪ್ಪ ಆಯ್ತು, 22 ಮಸುಕಾಯ್ತು, ಆದ್ರೆ ಪೂರ್ತಿ ಹೋಗ್ಲಿಲ್ಲ. CGT CGT ಮ್ಯುಟೆಂಟ್‌ನ ಮಾಮೂಲಿ ಬಿಎಲ್21ಗೆ ಹಾಕ್ದೆ: 22 ಇಲ್ವೇ ಇಲ್ಲ. ಬ್ಲಾಟ್‌ನ ಹೊತ್ತು ಜಾಸ್ತಿ ಬಿಟ್ಟು ನೋಡಿದ್ರೂ ಇಲ್ಲ. ಜೆಲ್ ಫೋಟೋ ನೋಡಿ ಅಲ್ಲೇ ಕಣ್ಣಲ್ಲಿ ನೀರು ಬಂತು. ನಾಲ್ಕು ಅಕ್ಷರ!

ತೂಕ ಇನ್ನೂ ಬರ್ಬೇಕು, ಸ್ಯಾಂಪಲ್ ಕೊಟ್ಟಿದೀನಿ. ಆದ್ರೆ ಹೊಸ ತೊಂದ್ರೆ, ಈಗ 36ರ ಪ್ರೋಟೀನ್ ದಂಡಿಯಾಗಿ ಬರತ್ತೆ, ಎಲ್ಲಾ ಪೆಲೆಟ್‌ಗೆ ಹೋಗ್ತಿದೆ.

ಹಳೇಪಿಪೆಟ್

ತುಂಬಾ ಚೆನ್ನಾಗಿ ಮಾಡಿದೀರಿ. ಹೊತ್ತು ಹೋದಂಗೆ ಚಿಕ್ಕದು ಮುಂದೆ ಹೋಗಿದ್ದು ನಾನು ಹೇಳಿದ್ದಕ್ಕಿಂತ ಬೇರೆ ಬಂತು, "ಒಂದೇ ಪ್ರಮಾಣದಲ್ಲಿ ಇರತ್ತೆ" ಅನ್ನೋ ಥರ ನಾನು ಬರ್ದಿದ್ದು ಸಾಲ್ದು. ಶುರುಲಿ ಎಂಆರ್‌ಎನ್‌ಎ ಕಮ್ಮಿ, ಟಿಆರ್‌ಎನ್‌ಎ ಸಾಕಾಗತ್ತೆ, ಎಂಆರ್‌ಎನ್‌ಎ ತುಂಬ್ತಾ ಹೋದಂಗೆ ಟಿಆರ್‌ಎನ್‌ಎ ಬರಿದಾಗಿ ಜಾರೋದು ಜಾಸ್ತಿ ಆಗತ್ತೆ, ನಂಗೆ ಅದೇ ಸರಿ ಅನ್ಸತ್ತೆ. ನಿಮ್ಮ ಕ್ಲೋರಾಂಫೆನಿಕಾಲ್ ಫ್ಲಾಸ್ಕ್ ಇಲ್ದೇ ಇದ್ರೆ ಇಬ್ರಿಗೂ ಅವ್ರವ್ರ ಉತ್ತರ ಸಿಕ್ತಿತ್ತು.

ಕೋಡಾನ್‌ಕಿಟ್ಟಿ

ಪೆಲೆಟ್ ವಿಷ್ಯಕ್ಕೆ, ಆ AGG AGG ಜಾಗ ಪ್ರಕೃತಿನೇ ಬೇಕಂತ ಇಟ್ಟ ನಿಲ್ದಾಣ ಇರ್ಬೋದಾ? ಎರಡು ಡೊಮೈನ್ ಮಧ್ಯ ರೈಬೋಸೋಮ್ ಸ್ವಲ್ಪ ನಿಧಾನ ಮಾಡಿದ್ರೆ ಮೊದಲ್ನೇ ಡೊಮೈನ್ ಮಡಚ್ಕೊಳೋಕೆ ಹೊತ್ತು ಸಿಗತ್ತೆ ಅಂತ ಓದಿದೀನಿ. CGT ಹಾಕಿ ಆ ನಿಲ್ದಾಣ ಕಿತ್ತಾಕಿದ್ದಕ್ಕೇ ಮುದ್ದೆ ಆಗ್ತಿದೆಯೇನೋ. ಪ್ರೋಟೀನ್‌ನಲ್ಲಿ ಡೊಮೈನ್ ಗಡಿ ಎಲ್ಲಿದೆ?

ಮಸುಕುಬ್ಯಾಂಡ್

ಗಡಿ 175ರ ಹತ್ರ!! ಕಿಟ್ಟಿ ಅವ್ರು ಹೇಳಿದ್ದು ಸರಿ ಇರ್ಬೋದಾ ಮೇಡಂ?

ಹಳೇಪಿಪೆಟ್

ಯೋಚನೆ ಚೆನ್ನಾಗಿದೆ, ನಿಧಾನದ ಜಾಗಗಳನ್ನ ಉಳಿಸ್ಕೊಂಡು ಕೋಡಾನ್ ಹೊಂದಿಸೋರೂ ಇದಾರೆ, ಮಲೇರಿಯಾ ಪ್ಯಾರಸೈಟ್ ಪ್ರೋಟೀನ್‌ಗಳಲ್ಲಿ ಅದ್ರಿಂದ ಉಪಯೋಗ ಆಗಿದೆ. ಆದ್ರೆ ಈ ಜಾಗಕ್ಕೆ ಆ ಮಾತು ಹೊಂದಲ್ಲ. ನಿಧಾನ ಅನ್ನೋದನ್ನ ಜೀನ್‌ನ ತವರಿನಲ್ಲಿ ನೋಡ್ಬೇಕು. ಮನುಷ್ಯರಲ್ಲಿ AGG ಸಾವಿರಕ್ಕೆ 12ರಷ್ಟು ಬರತ್ತೆ, ಆರ್ಜಿನೀನ್ ಕೋಡಾನ್‌ಗಳಲ್ಲಿ ಮುಂದೆ ಇರೋವ್ರಲ್ಲಿ ಅದೂ ಒಂದು. ಅಲ್ಲಿ ಹಿಂದೆ ಬಿದ್ದಿರೋದು CGT, ನಾಲ್ಕೈದು ಅಷ್ಟೇ. ಮನುಷ್ಯರ ಸೆಲ್‌ನಲ್ಲಿ AGG AGG ಮೇಲೆ ರೈಬೋಸೋಮ್ ನಿಲ್ಲತ್ತೆ ಅನ್ನೋಕೆ ಕೋಡಾನ್ ಲೆಕ್ಕದಲ್ಲಿ ಕಾರಣ ಇಲ್ಲ. ಆ ಜಾಗದಲ್ಲಿ ನಿಂತಿದ್ದು ಇ. ಕೋಲಿಗೆ ತಂದ್ಮೇಲೆ.

ನಂಗೆ ಅನ್ಸೋದು ಇಷ್ಟೇ, ಮೊದಲಿಗಿಂತ ಜಾಸ್ತಿ ಪ್ರೋಟೀನ್ ಒಮ್ಮೆಗೇ ಬರ್ತಿದೆ, ಮಡಚ್ಕೊಳೋಕೆ ಹೊತ್ತಿಲ್ಲ. 18 ಡಿಗ್ರಿ, 0.2 ಮಿಲಿಮೋಲಾರ್ ಐಪಿಟಿಜಿ, ರಾತ್ರಿ ಪೂರ್ತಿ ಬಿಟ್ಟು ನೋಡಿ.

ಎರಡುಪ್ಲಾಸ್ಮಿಡ್

ಜೊತೆಗೆ ಹಳೇ AGG ಜೀನ್‌ನ ರೊಸೆಟ್ಟಾದಲ್ಲೂ ಅದೇ 18 ಡಿಗ್ರಿಲಿ ಹಾಕಿ. ಎರಡ್ರಲ್ಲೂ ಪ್ರೋಟೀನ್ ಒಂದೇ, ಕೋಡಾನ್ ಮಾತ್ರ ಬೇರೆ. ಕರಗಿದ್ದರ ಪಾಲು ಬೇರೆ ಬಂದ್ರೆ ಕಿಟ್ಟಿ ಮಾತಲ್ಲಿ ಏನೋ ಇದೆ ಅಂತ.

ಮಸುಕುಬ್ಯಾಂಡ್

ಎರಡೂ ಮಾಡ್ದೆ. 18 ಡಿಗ್ರಿಲಿ ಮ್ಯುಟೆಂಟ್ ಅರ್ಧದಷ್ಟು ಮೇಲಿನ ನೀರಿಗೆ ಬಂತು! ರೊಸೆಟ್ಟಾದಲ್ಲಿ AGG ಜೀನ್‌ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿನೇ ಬಂತು, ಆದ್ರೆ ಅದ್ರಲ್ಲಿ ಒಟ್ಟು ಪ್ರೋಟೀನೇ ಕಮ್ಮಿ. ಹಾಗಾಗಿ ಕಮ್ಮಿ ಇರೋದಕ್ಕೆ ಕರಗಿದ್ಯಾ, ನಿಧಾನ ಆಗಿದ್ದಕ್ಕೆ ಕರಗಿದ್ಯಾ ಅಂತ ಹೇಳೋಕೆ ಬರ್ತಿಲ್ಲ.

ಹಳೇಪಿಪೆಟ್

ಮ್ಯುಟೆಂಟ್‌ಗೆ ಐಪಿಟಿಜಿ ಇನ್ನೂ ಇಳಿಸಿ, 0.1, 0.05, ಒಟ್ಟು ಪ್ರೋಟೀನ್ ರೊಸೆಟ್ಟಾದಷ್ಟೇ ಆಗೋವರೆಗೆ. ಆಗ ಹೋಲಿಸ್ಬೋದು. ಎರಡಕ್ಕೂ ಸ್ಟ್ರೇನ್ ಒಂದೇ ಇರ್ಲಿ, ಮ್ಯುಟೆಂಟ್‌ನೂ ರೊಸೆಟ್ಟಾಗೇ ಹಾಕಿ.

ಕೋಡಾನ್‌ಕಿಟ್ಟಿ

ನಾನೂ ಕಾಯ್ತಿರ್ತೀನಿ. ನನ್ನ ಎರಡು ಜೀನ್‌ನ ಮೊದಲ ಹನ್ನೆರಡು ಕೋಡಾನ್ ಬದಲಾಯಿಸಿ ಪ್ರೈಮರ್ ಆರ್ಡರ್ ಹಾಕಿದೀನಿ.

ತೂಕದಯಂತ್ರ

ಮಸುಕುಬ್ಯಾಂಡ್ ಅವ್ರೆ, ರೊಸೆಟ್ಟಾದ್ದೂ ಮ್ಯುಟೆಂಟ್‌ದೂ ಎರಡ್ರ ತೂಕನೂ ಹಾಕ್ಸಿ. ಮ್ಯುಟೆಂಟ್‌ನ ನೀವು ಮಾಮೂಲಿ ಬಿಎಲ್21ಲಿ ಮಾಡಿದೀರಿ, ಅಲ್ಲಿ ಆ ಐದು AGAಗೆ ಈಗ್ಲೂ ಟಿಆರ್‌ಎನ್‌ಎ ಕಮ್ಮಿನೇ ಇದೆ.

ಮಸುಕುಬ್ಯಾಂಡ್

ಬಂತು ಸಾರ್, ಇವತ್ತು ಬೆಳಗ್ಗೆ. ಮ್ಯುಟೆಂಟ್‌ನಲ್ಲಿ ಮುಖ್ಯ ಪೀಕ್ ಲೆಕ್ಕಕ್ಕೆ ಸರಿಯಾಗಿದೆ, ಎಡಕ್ಕೆ 28 ಕಮ್ಮಿ ಇರೋ ಸಣ್ಣ ಪೀಕ್ ಒಂದಿದೆ. ರೊಸೆಟ್ಟಾದ್ರಲ್ಲಿ ಅದು ಇಲ್ಲ. ಮ್ಯುಟೆಂಟ್‌ನ ರೊಸೆಟ್ಟಾಗೆ ಹಾಕಿ ನಿನ್ನೆ ರಾತ್ರಿ ಪ್ಲೇಟ್ ಇಟ್ಟಿದೀನಿ.